ಇಎಸ್‌ಜಿ ವರದಿಯ ಕನ್ನಡ: ಯಾವ ಪದ ಎಲ್ಲಿ ಒಗ್ಗುತ್ತದೆ

ತೋರಣಗಲ್ಲು, ಸಂಡೂರು, ಗಿಣಿಗೇರಿ, ಶಕ್ತಿನಗರ. ಈ ಸೀಮೆಯಲ್ಲಿ ಅನುವಾದದ ಕೆಲಸ ಮಾಡುವವರಿಗೆ ಈಗ ಕಥೆ, ಜಾಹೀರಾತುಗಳ ಜೊತೆಗೆ ಇನ್ನೊಂದು ಬಗೆಯ ಕಾಗದವೂ ಬರುತ್ತಿದೆ. ಕಂಪನಿಗಳ ಸುಸ್ಥಿರತೆ ವರದಿ, ಅಂದರೆ ಪರಿಸರ, ಸಮಾಜ, ಆಡಳಿತಗಳ ಲೆಕ್ಕ ಕೊಡುವ ಇಎಸ್‌ಜಿ ವರದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ನೋಂದಾಯಿತ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್, ಅಂದರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ವಿಧಿಸಿದೆ. ಕಂಪನಿ ಅದನ್ನು ಇಂಗ್ಲಿಷಿನಲ್ಲೇ ಸಲ್ಲಿಸುತ್ತದೆ. ಕನ್ನಡ ಬೇಕಾಗುವುದು ಆಮೇಲೆ: ಸುತ್ತಲಿನ ಹಳ್ಳಿಗಳಿಗೆ ಸಾರಾಂಶ ಹಂಚುವಾಗ, ಗೇಟಿನ ಬಳಿ ಫಲಕ ಹಾಕುವಾಗ, ಗುತ್ತಿಗೆ ಕಾರ್ಮಿಕರಿಗೆ ತಿಳಿಸುವಾಗ. ಘಟಕ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯುವುದಾದರೆ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂದು 2006ರ ಅಧಿಸೂಚನೆ ಹೇಳುತ್ತದೆ. ಅಲ್ಲಿ ಬರುವ ಪದಗಳೂ ಹೆಚ್ಚುಕಡಿಮೆ ಇವೇ.

ತೊಂದರೆ ಏನೆಂದರೆ ಈ ಪದಗಳಲ್ಲಿ ಅರ್ಧಕ್ಕರ್ಧ ಕನ್ನಡದಲ್ಲಿ ಇನ್ನೂ ನೆಲೆ ನಿಂತಿಲ್ಲ. ನಿಂತಿರುವಂಥವನ್ನು ನಾವು ಮುಟ್ಟಬೇಕಾಗಿಲ್ಲ. ರಾಯಚೂರಿನಲ್ಲಿ ‘ಹಾರುಬೂದಿ’ ಅಂದರೆ ಏನೆಂದು ಯಾರಿಗೂ ವಿವರಿಸಬೇಕಿಲ್ಲ. ‘ಸುಸ್ಥಿರತೆ’ಯೂ ಪಠ್ಯಪುಸ್ತಕ, ಪತ್ರಿಕೆಗಳ ದಾರಿಯಲ್ಲಿ ಬಂದು ಉಳಿದುಕೊಂಡಿದೆ. ಉಳಿದ ಪದಗಳಿಗೆ ನಮ್ಮ ಮುಂದೆ ನಾಲ್ಕು ದಾರಿಗಳಿವೆ.

ನಾಲ್ಕು ದಾರಿ

ಒಂದು, ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯುವುದು. ಎರಡು, ಸಂಸ್ಕೃತದ ಬಲದಿಂದ ಹೊಸದೊಂದು ಪದ ಕಟ್ಟುವುದು. ಮೂರು, ಸರ್ಕಾರಿ ಕಡತದಲ್ಲೋ ಪತ್ರಿಕೆಯಲ್ಲೋ ಆಗಲೇ ಓಡಾಡುತ್ತಿರುವ ಪದವನ್ನು ಎರವಲು ತರುವುದು. ನಾಲ್ಕು, ಪದದ ಗೋಜೇ ಬೇಡವೆಂದು ಆ ಸಂಗತಿಯನ್ನು ಸರಳ ವಾಕ್ಯದಲ್ಲಿ ಹೇಳುವುದು.

ಎಲ್ಲದಕ್ಕೂ ಒಂದೇ ದಾರಿ ಹಿಡಿದರೆ ಓದು ಕೆಡುತ್ತದೆ. ಸಂಸ್ಕೃತದ ಹೊಸ ಪದ ನೋಡಲು ಗಂಭೀರವಾಗಿರುತ್ತದೆ, ಕಂಪನಿಯ ಅಧಿಕಾರಿಗಳಿಗೆ ಇಷ್ಟವಾಗುತ್ತದೆ. ಆದರೆ ಓದುವವರು ಅದಕ್ಕೆ ತಮಗೆ ಗೊತ್ತಿರುವ ಬೇರೆ ಅರ್ಥವನ್ನು ಹಚ್ಚಿಕೊಂಡುಬಿಡುತ್ತಾರೆ. ನನ್ನ ಅನುಭವದಲ್ಲಿ ಅರ್ಥವಾಗದ ಪದಕ್ಕಿಂತ ತಪ್ಪಾಗಿ ಅರ್ಥವಾಗುವ ಪದ ಕೆಟ್ಟದ್ದು. ಅರ್ಥವಾಗದಿದ್ದರೆ ಜನ ಕೇಳುತ್ತಾರೆ. ತಪ್ಪಾಗಿ ಅರ್ಥವಾದರೆ ಸುಮ್ಮನೆ ತಲೆಯಾಡಿಸಿ ಹೋಗುತ್ತಾರೆ, ಜಗಳ ಆರು ತಿಂಗಳಾದ ಮೇಲೆ ಬರುತ್ತದೆ. ಹಾಗಾಗಿ ಯಾವುದೇ ಪದವನ್ನು ಆರಿಸುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಈ ಪದ ಈ ಊರಿನಲ್ಲಿ ಬೇರೆ ಯಾವ ಕೆಲಸದಲ್ಲಿದೆ?

ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುವ ‘ಸ್ಕೋಪ್ 1, 2, 3’ ಅನ್ನು ತೆಗೆದುಕೊಳ್ಳಿ. ‘ವ್ಯಾಪ್ತಿ’ ಎಂಬ ಪದ ನಿಘಂಟಿನ ಪ್ರಕಾರ ಸರಿಯೇ. ಆದರೆ ನಮ್ಮಲ್ಲಿ ವ್ಯಾಪ್ತಿ ಎಂದರೆ ಠಾಣೆಯದು, ಗ್ರಾಮ ಪಂಚಾಯಿತಿಯದು. ಪರಿಸರ ವರದಿಯಲ್ಲಿ ಘಟಕದ ಸುತ್ತ 10 ಕಿ.ಮೀ. ಅಧ್ಯಯನ ಪ್ರದೇಶ ಅಂತ ಬೇರೆ ಇರುತ್ತದೆ. ‘ವ್ಯಾಪ್ತಿ 1ರ ಹೊರಸೂಸುವಿಕೆ’ ಎಂದು ಓದಿದವರು ಕಾರ್ಖಾನೆಯ ಪಕ್ಕದ ಊರುಗಳು ಒಂದನೇ ವ್ಯಾಪ್ತಿ, ಆಚೆಯವು ಎರಡನೇ ವ್ಯಾಪ್ತಿ ಎಂದುಕೊಳ್ಳುವುದು ಸಹಜ. ನಿಜದಲ್ಲಿ ಸ್ಕೋಪ್‌ಗೂ ದೂರಕ್ಕೂ ಸಂಬಂಧವಿಲ್ಲ. ಕಂಪನಿಯ ಸ್ವಂತ ಕುಲುಮೆ, ವಾಹನಗಳಿಂದ ಹೊರಟದ್ದು ಮೊದಲನೆಯದು. ಕೊಂಡ ವಿದ್ಯುತ್ತನ್ನು ತಯಾರಿಸುವಾಗ ಬೇರೆ ಕಡೆ ಹೊರಟದ್ದು ಎರಡನೆಯದು. ಅದಿರು, ಕಲ್ಲಿದ್ದಲು ತರಿಸುವುದರಿಂದ ಹಿಡಿದು ಮಾರಿದ ಸರಕಿನ ತನಕ ಉಳಿದೆಲ್ಲವೂ ಮೂರನೆಯದು. ಇಲ್ಲಿ ‘ಸ್ಕೋಪ್’ ಅನ್ನು ಹಾಗೇ ಉಳಿಸಿ, ಮೊದಲ ಸಲ ಬಂದಾಗ ಒಂದು ವಾಕ್ಯ ವಿವರಿಸುವುದೇ ಮೇಲು. ಅದೊಂದು ಲೆಕ್ಕದ ಗುರುತು, ಗುರುತಿಗೆ ಅನುವಾದ ಬೇಡ.

ನೀರಿನ ಲೆಕ್ಕ

ಹೆಚ್ಚು ಎಚ್ಚರ ಬೇಕಾದದ್ದು ನೀರಿನ ಭಾಗದಲ್ಲಿ. ತುಂಗಭದ್ರೆಯ ನೀರು ಕಾಲುವೆಯ ಕೊನೆಗೆ ಮುಟ್ಟಿತೋ ಇಲ್ಲವೋ ಎಂದು ದಿನವೂ ನೋಡುವ ಜನ ಇದನ್ನು ಓದುತ್ತಾರೆ. ಒಳಹರಿವು, ಹೊರಹರಿವು, ಕ್ಯುಸೆಕ್, ಟಿಎಂಸಿ ಎಲ್ಲ ಅವರಿಗೆ ಬಾಯಿಪಾಠ. ನೀರಿನ ವಿಷಯದಲ್ಲಿ ವರದಿ ಬರೆದವರಿಗಿಂತ ಅವರೇ ಚುರುಕು.

ಬಿಆರ್‌ಎಸ್‌ಆರ್ ನಮೂನೆಯಲ್ಲಿ ಮೂರು ಅಂಕಿಗಳಿವೆ. ನದಿ, ಕೊಳವೆಬಾವಿ ಅಥವಾ ಬೇರೆಯವರಿಂದ ಕಂಪನಿ ಒಳಗೆ ತಂದುಕೊಂಡ ನೀರು ಮೊದಲನೆಯದು. ಸಂಸ್ಕರಿಸಿಯೋ ಸಂಸ್ಕರಿಸದೆಯೋ ಹೊರಗೆ ಬಿಟ್ಟದ್ದು ಎರಡನೆಯದು. ಇವೆರಡರ ವ್ಯತ್ಯಾಸ, ಅಂದರೆ ಬಂದು ಮತ್ತೆ ಹೊರಗೆ ಹೋಗದ ನೀರು ಮೂರನೆಯದು. ಕೂಲಿಂಗ್ ಟವರಿನಲ್ಲಿ ಆವಿಯಾದದ್ದು, ಧೂಳಿಗೆ ಸಿಂಪಡಿಸಿದ್ದು, ಕಿಟ್ಟ ತಣಿಸುವಾಗ ಹೋದದ್ದು ಎಲ್ಲ ಇದರಲ್ಲೇ ಸೇರುತ್ತದೆ.

ಈ ಮೂರನೆಯದನ್ನು ಎಲ್ಲರೂ ‘ನೀರಿನ ಬಳಕೆ’ ಎಂದು ಬರೆಯುತ್ತಾರೆ. ಅಲ್ಲಿಂದಲೇ ಗೊಂದಲ ಶುರು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕೊಪ್ಪಳದ ಕಡೆಯ ಒಂದು ಉಕ್ಕಿನ ಘಟಕ ದಿನಕ್ಕೆ 7,000 ಕಿಲೋಲೀಟರ್ ನೀರು ತರುತ್ತದೆ, 1,000 ಕಿಲೋಲೀಟರ್ ಸಂಸ್ಕರಿಸಿ ಹೊರಗೆ ಬಿಡುತ್ತದೆ. ಮೂರನೇ ಅಂಕಿ 6,000. ಅದೇ ಘಟಕದೊಳಗೆ ಯಂತ್ರಗಳನ್ನು ತಣಿಸುತ್ತ ದಿನಕ್ಕೆ 1,33,000 ಕಿಲೋಲೀಟರ್ ನೀರು ಸುತ್ತುತ್ತಿರುತ್ತದೆ. ಈಗ ‘ಬಳಕೆ’ ಎಷ್ಟು? ವರದಿಯ ಪ್ರಕಾರ 6,000. ಊರಿನವರ ಪ್ರಕಾರ 7,000, ಯಾಕೆಂದರೆ ತಂದದ್ದೆಲ್ಲ ಬಳಸಿದ್ದೇ. ಘಟಕದ ಎಂಜಿನಿಯರ್ ಕೇಳಿದರೆ 1,40,000 ಎನ್ನಬಹುದು. ಮೂವರೂ ಸುಳ್ಳು ಹೇಳುತ್ತಿಲ್ಲ. ಪದವೊಂದೇ ಮೂರು ಲೆಕ್ಕಕ್ಕೆ ಹೊಂದುತ್ತದೆ.

ಇದೇ ಸಂದಿಯಲ್ಲಿ ‘ಶೇ 95ರಷ್ಟು ನೀರು ಮರುಬಳಕೆ’ ಎಂಬ ಸಾಲೂ ಹುಟ್ಟುತ್ತದೆ. 1,40,000ದಲ್ಲಿ 1,33,000 ಅಂದರೆ ಸರಿಯಾಗಿ ಶೇ 95. ಆದರೆ ಅದು ಅದೇ ಕೊಳವೆಯಲ್ಲಿ ಸುತ್ತುತ್ತಿರುವ ನೀರು. ಹೊಲಸು ನೀರನ್ನು ಶುದ್ಧ ಮಾಡಿ ಮತ್ತೆ ಬಳಸಿದ್ದಲ್ಲ. ಕನ್ನಡದಲ್ಲಿ ‘ಮರುಬಳಕೆ’ ಎಂದರೆ ಓದುವವರಿಗೆ ಹೊಳೆಯುವುದು ಆ ಎರಡನೇ ಅರ್ಥವೇ. ಹಾಗಾಗಿ ಸುತ್ತುವ ನೀರಿಗೆ ‘ಘಟಕದೊಳಗೆ ಸುತ್ತುವ ನೀರು’ ಎಂದೂ, ಸಂಸ್ಕರಿಸಿ ಬಳಸಿದ್ದಕ್ಕೆ ಮಾತ್ರ ‘ಮರುಬಳಕೆ’ ಎಂದೂ ಬರೆಯಿರಿ. ಮೂಲದಲ್ಲಿ ಯಾವುದೆಂದು ಸ್ಪಷ್ಟವಿಲ್ಲದಿದ್ದರೆ ಕಂಪನಿಯ ಪರಿಸರ ವಿಭಾಗಕ್ಕೆ ಬರೆದು ಕೇಳಬೇಕು. ಊಹಿಸಿ ಬರೆದರೆ ಆ ಹೊರೆ ನಿಮ್ಮ ತಲೆಯ ಮೇಲೆ.

ಆಯ್ಕೆಗಳನ್ನು ಒಟ್ಟಿಗಿಟ್ಟು ನೋಡಿದರೆ ಹೀಗೆ ಕಾಣುತ್ತದೆ:

| ಸಂಗತಿ | ಕಣ್ಣಿಗೆ ಬೀಳುವ ಪದಗಳು | ನನ್ನ ಆಯ್ಕೆ |
|---|---|---|
| ಒಳಗೆ ತಂದದ್ದು | ಹಿಂತೆಗೆತ, ನೀರೆತ್ತುವಿಕೆ, ಪಡೆದ ನೀರು | ಪಡೆದ ನೀರು |
| ಹೊರಗೆ ಬಿಟ್ಟದ್ದು | ವಿಸರ್ಜನೆ, ಹೊರಹರಿವು, ಹೊರಬಿಟ್ಟ ನೀರು | ಹೊರಬಿಟ್ಟ ನೀರು |
| ವ್ಯತ್ಯಾಸ | ಬಳಕೆ, ವ್ಯಯ, ಖರ್ಚಾದ ನೀರು | ಖರ್ಚಾದ ನೀರು |

‘ಹಿಂತೆಗೆತ’ ಬ್ಯಾಂಕಿನ ಚಲನ್ ನೋಡಿ ಮಾಡಿದ್ದು, ನದಿಯಿಂದ ಯಾರೂ ಹಿಂತೆಗೆಯುವುದಿಲ್ಲ. ‘ನೀರೆತ್ತುವಿಕೆ’ ಚೆನ್ನಾಗಿದೆ, ಏತ ನೀರಾವರಿಯ ನೆಂಟಸ್ತಿಕೆಯೂ ಇದೆ. ಆದರೆ ಟ್ಯಾಂಕರಿನಲ್ಲಿ ಕೊಂಡ ನೀರು, ಪಕ್ಕದ ಘಟಕದಿಂದ ಬಂದ ನೀರು ಅದರೊಳಗೆ ಕೂರುವುದಿಲ್ಲ. ‘ಪಡೆದ ನೀರು’ ಎಂದು ಬರೆದು ಕೆಳಗೆ ‘ನದಿಯಿಂದ, ಕೊಳವೆಬಾವಿಯಿಂದ, ಇತರರಿಂದ’ ಎಂದು ಬಿಡಿಸಿದರೆ ಮುಗಿಯಿತು.

‘ವಿಸರ್ಜನೆ’ ನಮ್ಮಲ್ಲಿ ಗಣಪತಿಗೆ, ವಿಧಾನಸಭೆಗೆ, ಇನ್ನೊಂದಕ್ಕೆ ಮೀಸಲು. ‘ಶೂನ್ಯ ದ್ರವ ವಿಸರ್ಜನೆ ಘಟಕ’ ಎಂಬ ಫಲಕ ನೋಡಿ ಹುಡುಗರು ನಕ್ಕರೆ ತಪ್ಪು ಅವರದ್ದಲ್ಲ. ‘ಹೊರಹರಿವು’ ಎಂದರೆ ಜಲಾಶಯದ ಗೇಟು ಎತ್ತಿದಾಗಿನ ನೀರು, ಅದಕ್ಕೊಂದು ತಿಳಿನೀರಿನ ಕಳೆ ಇದೆ. ಕಾರ್ಖಾನೆಯ ನೀರಿಗೆ ಆ ಕಳೆ ಕಟ್ಟಬಾರದು. ‘ಹಳ್ಳಕ್ಕೆ ಹೊರಬಿಟ್ಟ ನೀರು, ಸಂಸ್ಕರಿಸಿದ್ದು’ ಎಂದು ಎಲ್ಲಿಗೆ, ಹೇಗೆ ಎರಡನ್ನೂ ಸೇರಿಸಿ ಬರೆಯಿರಿ. ನಮೂನೆಯೂ ಕೇಳುವುದು ಅದನ್ನೇ. ಶೂನ್ಯದ ಸಂಗತಿಗೆ ‘ಹನಿ ನೀರನ್ನೂ ಹೊರಗೆ ಬಿಡದ ವ್ಯವಸ್ಥೆ’ ಸಾಕು. ಅಂಥ ವ್ಯವಸ್ಥೆಯಲ್ಲೂ ಕೊನೆಗೆ ಉಪ್ಪು, ಕೆಸರು ಉಳಿಯುತ್ತವೆ. ಅವು ತ್ಯಾಜ್ಯದ ಪಟ್ಟಿಯಲ್ಲಿ ಬರುತ್ತವೆ. ‘ಶೂನ್ಯ ತ್ಯಾಜ್ಯ’ ಎಂದು ಬರೆದರೆ ಇಲ್ಲದ ಭರವಸೆ ಕೊಟ್ಟಂತೆ.

‘ಖರ್ಚಾದ’ ತೀರ ಅಡುಗೆಮನೆಯ ಮಾತಾಯಿತು ಎಂದು ಕಂಪನಿಯವರು ಮೂಗು ಮುರಿದದ್ದುಂಟು. ಆಗ ಕೋಷ್ಟಕದಲ್ಲಿ ‘ನಿವ್ವಳ ವ್ಯಯ’ ಎಂದು ಇಟ್ಟು, ಕೆಳಗೆ ‘ಪಡೆದ ನೀರಿನಲ್ಲಿ ಹೊರಬಿಟ್ಟದ್ದನ್ನು ಕಳೆದು ಉಳಿದದ್ದು’ ಎಂದು ಒಂದು ಸಾಲು ಸೇರಿಸಬಹುದು. ನಿವ್ವಳ ಲಾಭ ಎಲ್ಲರಿಗೂ ಗೊತ್ತಿರುವುದರಿಂದ ಆ ಪದ ನಿಲ್ಲುತ್ತದೆ. ‘ಬಳಕೆ’ಗೆ ಮಾತ್ರ ಒಪ್ಪಬೇಡಿ.

ಅಳತೆಯ ಬಗ್ಗೆಯೂ ಒಂದು ಮಾತು. ಕಿಲೋಲೀಟರ್ ಅಂದರೆ ಸಾವಿರ ಲೀಟರ್ ಎಂಬುದು ಗೊತ್ತಾದರೂ ಏಳು ಸಾವಿರ ಕಿಲೋಲೀಟರ್ ಎಷ್ಟು ಎಂಬುದು ಕಣ್ಣಿಗೆ ಕಟ್ಟುವುದಿಲ್ಲ. ಒಂದು ಕ್ಯುಸೆಕ್ ಹರಿವು ದಿನವಿಡೀ ಹರಿದರೆ ಸುಮಾರು 2,447 ಕಿಲೋಲೀಟರ್. ಹಾಗಾಗಿ ನಮ್ಮ ಉದಾಹರಣೆಯ ಘಟಕ ಪಡೆಯುವುದು ಮೂರು ಕ್ಯುಸೆಕ್‌ಗೆ ತುಸು ಕಡಿಮೆ. ವರ್ಷದ ಮೊತ್ತ ಸುಮಾರು 25.5 ಲಕ್ಷ ಕಿಲೋಲೀಟರ್. ಒಂದು ಟಿಎಂಸಿ 2.83 ಕೋಟಿ ಕಿಲೋಲೀಟರ್ ಆದ್ದರಿಂದ ಅದು ಟಿಎಂಸಿಯ ಹನ್ನೊಂದರಲ್ಲಿ ಒಂದು ಪಾಲು. ಮೂಲ ಅಂಕಿಯನ್ನು ಹಾಗೇ ಉಳಿಸಿ, ಪಕ್ಕದಲ್ಲಿ ‘ಸುಮಾರು’ ಎಂದು ಈ ಅಳತೆ ಕೊಡಿ. ಹರಿವಿಗೆ ಕ್ಯುಸೆಕ್, ಮೊತ್ತಕ್ಕೆ ಟಿಎಂಸಿ. ಇದು ಅದಲುಬದಲಾದರೆ ಮೊದಲ ಸಾಲಿನಲ್ಲಿ ಕೂತ ರೈತರೇ ಹಿಡಿಯುತ್ತಾರೆ.

ತೀವ್ರತೆ ಎಂಬ ಪದ ಬೇಡ

ನೀರಿನ ಕೋಷ್ಟಕದ ಕೆಳಗೆ ಇನ್ನೊಂದು ಸಾಲಿರುತ್ತದೆ. ಖರ್ಚಾದ ನೀರನ್ನು ಕಂಪನಿಯ ವಹಿವಾಟಿನ ರೂಪಾಯಿಯಿಂದ ಭಾಗಿಸಿ ಬರುವ ಅಂಕಿ. ಇಂಧನಕ್ಕೂ ಇಂಗಾಲಕ್ಕೂ ಇದೇ ಬಗೆಯ ಸಾಲುಗಳಿವೆ. ಕನ್ನಡದಲ್ಲಿ ಇದು ‘ನೀರಿನ ತೀವ್ರತೆ’, ‘ಹೊರಸೂಸುವಿಕೆಯ ತೀವ್ರತೆ’ ಆಗಿಬಿಟ್ಟಿದೆ. ಭೂಕಂಪಕ್ಕೆ ತೀವ್ರತೆ ಇದೆ, ಜ್ವರಕ್ಕಿದೆ. ‘ಹೊರಸೂಸುವಿಕೆಯ ತೀವ್ರತೆ ಶೇ 12 ಇಳಿಕೆ’ ಎಂದರೆ ಹೊಗೆಯ ಕಾಟ ಇಳಿಯಿತು ಎಂದೇ ಅರ್ಥ. ಕೆಲವರು ‘ಸಾಂದ್ರತೆ’ ಬಳಸುತ್ತಾರೆ, ಅದು ಇನ್ನೂ ಅಪಾಯ. ನೀರಿನಲ್ಲಿ ಕರಗಿದ ಉಪ್ಪಿನ ಪ್ರಮಾಣ, ಗಾಳಿಯಲ್ಲಿನ ಧೂಳಿನ ಪ್ರಮಾಣಕ್ಕೆ ಆ ಪದ ಆಗಲೇ ವಿಜ್ಞಾನದಲ್ಲಿ ಹಂಚಿಹೋಗಿದೆ.

ಅದೇ ಘಟಕದ ಲೆಕ್ಕ ಮುಂದುವರಿಸೋಣ. ಕಳೆದ ವರ್ಷ ಖರ್ಚಾದ ನೀರು 22 ಲಕ್ಷ ಕಿಲೋಲೀಟರ್, ವಹಿವಾಟು 2,000 ಕೋಟಿ ರೂಪಾಯಿ. ಕೋಟಿಗೆ 1,100 ಕಿಲೋಲೀಟರ್. ಈ ವರ್ಷ ನೀರು 24.2 ಲಕ್ಷಕ್ಕೆ ಏರಿದೆ, ಉಕ್ಕಿನ ಬೆಲೆ ಚೆನ್ನಾಗಿದ್ದುದರಿಂದ ವಹಿವಾಟು 2,500 ಕೋಟಿ ಆಗಿದೆ. ಕೋಟಿಗೆ 968. ಅಂದರೆ ನೀರು ಶೇ 10 ಹೆಚ್ಚಾಯಿತು, ‘ತೀವ್ರತೆ’ ಶೇ 12 ಇಳಿಯಿತು. ಇನ್ನು ತಯಾರಾದ ಉಕ್ಕು ಕಳೆದ ವರ್ಷ 5 ಲಕ್ಷ ಟನ್, ಈ ವರ್ಷ 5.25 ಲಕ್ಷ ಟನ್ ಎಂದುಕೊಳ್ಳಿ. ಟನ್ನಿಗೆ 4.4 ಕಿಲೋಲೀಟರ್ ಇದ್ದದ್ದು 4.6 ಆಗಿದೆ. ರೂಪಾಯಿಯ ಲೆಕ್ಕದಲ್ಲಿ ಇಳಿಕೆ, ಟನ್ನಿನ ಲೆಕ್ಕದಲ್ಲಿ ಏರಿಕೆ, ನದಿಯ ಲೆಕ್ಕದಲ್ಲೂ ಏರಿಕೆ.

ಇಲ್ಲಿ ಹೊಸ ಪದ ಹುಡುಕುವುದೇ ವ್ಯರ್ಥ. ನಾಲ್ಕನೇ ದಾರಿ ಹಿಡಿದು ‘ಪ್ರತಿ ಕೋಟಿ ರೂಪಾಯಿ ವಹಿವಾಟಿಗೆ ಖರ್ಚಾದ ನೀರು’, ‘ಪ್ರತಿ ಟನ್ ಉಕ್ಕಿಗೆ ಖರ್ಚಾದ ನೀರು’ ಎಂದು ಬರೆದರೆ ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆಂದು ಪದದಲ್ಲೇ ಕಾಣುತ್ತದೆ. ಸಾಲು ಉದ್ದವಾಗುತ್ತದೆ, ಆಗಲಿ. ವಿನ್ಯಾಸ ಮಾಡುವವರು ಜಾಗವಿಲ್ಲ ಎಂದರೆ ಅಕ್ಷರದ ಗಾತ್ರ ಇಳಿಸಲಿ. ಮೂಲದಲ್ಲಿ ಶೇಕಡಾ ಇಳಿಕೆ ಮಾತ್ರ ಇದ್ದು ಮೊತ್ತ ಇಲ್ಲದಿದ್ದರೆ ನೀವಾಗಿ ಮೊತ್ತ ಸೇರಿಸುವಂತಿಲ್ಲ. ಆದರೆ ಅದೇ ವರದಿಯ ಬೇರೆ ಪುಟದಲ್ಲಿ ಮೊತ್ತ ಇದ್ದೇ ಇರುತ್ತದೆ, ಪಕ್ಕದಲ್ಲೇ ಕೊಡೋಣವೇ ಎಂದು ಕೇಳಬಹುದು. ಒಪ್ಪುವವರೂ ಇದ್ದಾರೆ.

ಹೊಗೆ, ಧೂಳು, ಇಂಗಾಲ

‘ಹೊರಸೂಸುವಿಕೆ’ ಬಹುಮಟ್ಟಿಗೆ ನೆಲೆ ನಿಂತ ಪದ. ಅದನ್ನು ಬದಲಿಸುವ ಅಗತ್ಯವಿಲ್ಲ, ಒಂಟಿಯಾಗಿ ಬಿಡಬಾರದು ಅಷ್ಟೆ. ಗಿಣಿಗೇರಿ ಸುತ್ತಲಿನ ರೈತರಿಗೆ ಕಾರ್ಖಾನೆಯಿಂದ ಬರುವುದೆಂದರೆ ಬೆಳೆಯ ಮೇಲೆ ಕೂರುವ ಕಪ್ಪು ಧೂಳು. ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಎಲೆಯ ಮೇಲೆ ಕೂರುವುದೂ ಇಲ್ಲ. ವರದಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಕೋಷ್ಟಕಗಳಿವೆ. ಧೂಳಿನ ಕಣ, ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು ಒಂದರಲ್ಲಿ, ಹಸಿರುಮನೆ ಅನಿಲಗಳು ಇನ್ನೊಂದರಲ್ಲಿ. ಆದ್ದರಿಂದ ಪ್ರತಿ ಸಲವೂ ‘ಇಂಗಾಲದ ಹೊರಸೂಸುವಿಕೆ’ ಅಥವಾ ‘ಧೂಳು ಮತ್ತು ಹೊಗೆಯ ಹೊರಸೂಸುವಿಕೆ’ ಎಂದು ಪೂರ್ತಿ ಬರೆಯಬೇಕು. ಸೌರ ವಿದ್ಯುತ್ ಕೊಂಡು ಸ್ಕೋಪ್ 2 ಇಳಿಸಿದ ಕಂಪನಿಯ ಚಿಮಣಿಯಿಂದ ಒಂದು ಚಿಟಿಕೆ ಧೂಳೂ ಕಡಿಮೆಯಾಗಿರುವುದಿಲ್ಲ.

ಚಿಮಣಿಯಿಂದ ಬರದೆ ರಸ್ತೆ, ಅದಿರಿನ ರಾಶಿ, ಲಾರಿ ತುಂಬುವ ಜಾಗಗಳಿಂದ ಏಳುವ ಧೂಳಿಗೆ ಇಂಗ್ಲಿಷಿನಲ್ಲಿ ‘ಫ್ಯುಜಿಟಿವ್’ ಎಂದು ತಪ್ಪಿಸಿಕೊಂಡು ಓಡಿದವನ ಹೆಸರಿದೆ. ‘ಪಲಾಯನ ಧೂಳು’ ಎಂದು ಯಾರೋ ಕಟ್ಟಿದ್ದನ್ನು ಕಂಡಿದ್ದೇನೆ. ‘ರಸ್ತೆ ಮತ್ತು ರಾಶಿಗಳಿಂದ ಏಳುವ ಧೂಳು’ ಎಂದರೆ ಸಂಡೂರಿನ ಲಾರಿ ಚಾಲಕರಿಗೂ ತಿಳಿಯುತ್ತದೆ.

ಎರಡು ‘ಆರ್ ಅಂಡ್ ಆರ್’

ಬಳ್ಳಾರಿ ಕಡೆ ಎದುರಾಗುವ ತೊಡಕೊಂದಿದೆ. ಬಿಆರ್‌ಎಸ್‌ಆರ್‌ನ ಎಂಟನೇ ತತ್ವದಡಿ, ಯೋಜನೆಯಿಂದ ನೆಲೆ ಕಳೆದುಕೊಂಡ ಕುಟುಂಬಗಳ ವಿವರ ಕೇಳುವ ಕೋಷ್ಟಕದಲ್ಲಿ ‘ಆರ್ ಅಂಡ್ ಆರ್’ ಎಂಬ ಹ್ರಸ್ವರೂಪ ಬರುತ್ತದೆ. ಅದು ಜನರ ಪುನರ್ವಸತಿ. ಆದರೆ ಇಲ್ಲಿಯ ಗಣಿ ಕಚೇರಿಗಳಲ್ಲಿ ‘ಆರ್ ಅಂಡ್ ಆರ್ ಪ್ಲಾನ್’ ಎಂದರೆ ಬೇರೆಯೇ. ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ 2011ರಲ್ಲಿ ಗಣಿಗಳನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ಮತ್ತೆ ತೆರೆಯಬೇಕಾದರೆ ಪ್ರತಿ ಗಣಿಗೂ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಸಿದ್ಧಪಡಿಸುವ ಯೋಜನೆ ಜಾರಿಯಾಗಬೇಕು ಎಂದು ಷರತ್ತು ಹಾಕಿತು. ಅದರಲ್ಲಿ ಇರುವುದು ತಡೆಗೋಡೆ, ಚೆಕ್ ಡ್ಯಾಂ, ಮಣ್ಣುರಾಶಿ ಕುಸಿಯದಂತೆ ಕಟ್ಟುವುದು, ಗಿಡ ನೆಡುವುದು. ಅದು ನೆಲದ ಕೆಲಸ, ಮನೆ ಕೊಡುವುದಲ್ಲ.

ಇದನ್ನೂ ‘ಪುನರ್ವಸತಿ ಯೋಜನೆ’ ಎಂದು ಬರೆದು, ಅದಕ್ಕೆ ಇಂತಿಷ್ಟು ಕೋಟಿ ಖರ್ಚಾಗಿದೆ ಎಂದರೆ ಸಂಡೂರಿನ ಓದುಗರ ಮೊದಲ ಪ್ರಶ್ನೆ, ‘ಯಾರಿಗ್ ಮನಿ ಕಟ್ಟಿ ಕೊಟ್ರಿ?’ ಎಂದೇ ಇರುತ್ತದೆ. ಆಲಮಟ್ಟಿಯ ಮುಳುಗಡೆಯ ದಿನಗಳಿಂದ ಈ ಭಾಗದಲ್ಲಿ ಪುನರ್ವಸತಿ ಎಂದರೆ ಮನೆ, ನಿವೇಶನ, ಪರಿಹಾರ. ಆದ್ದರಿಂದ ಜನರ ವಿಷಯಕ್ಕೆ ‘ಪುನರ್ವಸತಿ’ಯನ್ನೇ ಉಳಿಸಿ, ಕುಟುಂಬಗಳಿಗೆ ‘ಸಂತ್ರಸ್ತ ಕುಟುಂಬಗಳು’ ಎನ್ನಿ, ಎರಡೂ ಸರ್ಕಾರದ ಆದೇಶಗಳಲ್ಲಿ ನೆಲೆ ನಿಂತಿವೆ. ಗಣಿಯ ವಿಷಯಕ್ಕೆ ‘ಗಣಿ ಭೂಮಿಯ ಪುನಶ್ಚೇತನ’ ಎನ್ನಿ. ಹ್ರಸ್ವರೂಪವನ್ನು ಎರಡು ಕಡೆಯೂ ಕೈಬಿಡಿ. ಒಂದೇ ಕಂಪನಿಗೆ ಗಣಿಯೂ ಕಾರ್ಖಾನೆಯೂ ಇದ್ದಾಗ ಮೂಲದಲ್ಲಿ ಯಾವ ‘ಆರ್ ಅಂಡ್ ಆರ್’ ಎಂದು ಗುರುತಿಸಲು ಪಕ್ಕದ ಅಂಕಿಯ ಘಟಕ ನೋಡಿ. ಕುಟುಂಬಗಳ ಸಂಖ್ಯೆ ಇದ್ದರೆ ಜನ, ಹೆಕ್ಟೇರ್ ಅಥವಾ ಮೀಟರ್ ಇದ್ದರೆ ನೆಲ.

ಅದೇ ಪುಟಗಳಲ್ಲಿ ಅದಿರಿನ ಮೇಲಿಂದ ಕಿತ್ತು ಹಾಕುವ ಕಲ್ಲುಮಣ್ಣನ್ನು ‘ಮೇಲ್ಮಣ್ಣು’ ಎಂದು ಬರೆಯುವ ರೂಢಿಯೂ ಇದೆ. ಮೇಲ್ಮಣ್ಣು ಫಲವತ್ತಾದ ತೆಳು ಪದರ, ಅದನ್ನು ಬೇರೆಯಾಗಿ ಕಾಪಿಡಬೇಕೆಂದು ನಿಯಮವಿದೆ. ಉಳಿದದ್ದು ‘ಅದಿರಿನ ಮೇಲಿನ ಕಲ್ಲುಮಣ್ಣು’.

ಪಾಲುದಾರರು ಯಾರು

ಕಂಪನಿಯ ಕೆಲಸದಿಂದ ಒಳಿತೋ ಕೆಡುಕೋ ತಟ್ಟುವ ಎಲ್ಲರಿಗೂ ಇಂಗ್ಲಿಷಿನಲ್ಲಿ ‘ಸ್ಟೇಕ್‌ಹೋಲ್ಡರ್’ ಎಂಬ ಒಂದೇ ಪದವಿದೆ. ಕನ್ನಡದಲ್ಲಿ ಮೂರು ಓಡಾಡುತ್ತಿವೆ. ‘ಮಧ್ಯಸ್ಥಗಾರರು’ ಎಲ್ಲಿಂದ ಬಂತೋ ತಿಳಿಯದು, ಮಧ್ಯಸ್ಥರು ಜಗಳ ಬಿಡಿಸುವವರು. ‘ಹಿತಾಸಕ್ತರು’ ಎಂದ ಕೂಡಲೇ ಹಿಂದೆ ‘ಪಟ್ಟಭದ್ರ’ ಬಂದು ನಿಲ್ಲುತ್ತದೆ. ‘ಪಾಲುದಾರರು’ ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿದೆ, ಸರ್ಕಾರಿ ಪ್ರಕಟಣೆಗಳಲ್ಲೂ ಅದೇ.

ಪಾಲುದಾರರ ತೊಂದರೆ ಬಿಆರ್‌ಎಸ್‌ಆರ್‌ನ ‘ಎ’ ಭಾಗದಲ್ಲಿ ಬಯಲಾಗುತ್ತದೆ. ಅಲ್ಲಿ ಯಾರಿಂದ ಎಷ್ಟು ದೂರು ಬಂತು ಎಂಬ ಕೋಷ್ಟಕವಿದೆ. ಶೀರ್ಷಿಕೆಯಲ್ಲಿ ಎಲ್ಲರಿಗೂ ಸಲ್ಲುವ ಆ ಪದ, ಒಳಗಿನ ಸಾಲುಗಳಲ್ಲಿ ಷೇರು ಹೊಂದಿದವರು, ಕೆಳಗೊಂದು ಸಾಲಿನಲ್ಲಿ ಸರಕು ಪೂರೈಸುವ ಮತ್ತು ಸಾಗಿಸುವ ಸಂಸ್ಥೆಗಳು. ಮೂರಕ್ಕೂ ‘ಪಾಲುದಾರ’ ಬಂದು ಕೂತಿರುವ ಅನುವಾದಗಳಿವೆ. ಹೊಲ ಬಿಟ್ಟುಕೊಟ್ಟ ಕುಟುಂಬಕ್ಕೆ ಪಾಲುದಾರರು ಎಂದರೆ ಅವರು ಪಾಲು ಕೇಳುವುದರಲ್ಲಿ ತಪ್ಪೇನಿಲ್ಲ. ಶೀರ್ಷಿಕೆಗೆ ‘ಸಂಬಂಧಪಟ್ಟವರು’, ಷೇರಿನವರಿಗೆ ‘ಷೇರುದಾರರು’, ಮೂರನೆಯವರಿಗೆ ‘ಪೂರೈಕೆದಾರರು ಮತ್ತು ವಿತರಕರು’ ಎಂದು ಬೇರೆ ಮಾಡಿದರೆ ಕೋಷ್ಟಕ ತಾನಾಗಿ ತಿಳಿಯಾಗುತ್ತದೆ. ‘ಸಂಬಂಧಪಟ್ಟವರು’ ಕಚೇರಿಯ ಮಾತಿನಲ್ಲಿ ಜವಾಬ್ದಾರ ಅಧಿಕಾರಿಗಳಿಗೂ ಸಲ್ಲುವುದರಿಂದ, ಮೊದಲ ಸಲ ಬಂದಾಗ ‘ಕಂಪನಿಯ ಕೆಲಸದಿಂದ ಬಾಧೆಯೋ ಲಾಭವೋ ತಟ್ಟುವವರು’ ಎಂದು ಬಿಡಿಸಿ ಹೇಳಿ. ಸಾಧ್ಯವಿರುವ ಕಡೆ ಅದನ್ನೂ ಬಿಟ್ಟು, ರೈತರು, ಗುತ್ತಿಗೆ ಕಾರ್ಮಿಕರು, ಸುತ್ತಲಿನ ಊರಿನವರು ಎಂದು ಹೆಸರು ಹಿಡಿದೇ ಬರೆಯಿರಿ.